ಅಂಗಡಿಯವರು ಕೇಳಿಸಿಕೊಂಡಿದ್ದೇ ಬೇರೆ: ಎರಡರ್ಥದ ಮಾತಿನ ಕಥೆ ಬರೆಯುವವರ ಪ್ರಶ್ನೆಗಳು

ಹೈಸ್ಕೂಲ್ ಮಕ್ಕಳಿಗೆ ಕಥೆ ಬರೆಯುವವರು, ಅವರಿಗೆ ಕನ್ನಡ ಕಲಿಸುವ ಮೇಷ್ಟ್ರುಗಳು, ತಾವೇ ಕಥೆ ಬರೆಯಲು ಹೊರಟ ಮಕ್ಕಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕಥೆಯ ಬಗೆ ಒಂದೇ: ಒಬ್ಬ ಅಂಗಡಿಯವರು, ಒಬ್ಬ ಗಿರಾಕಿ. ಇಬ್ಬರೂ ಸರಿಯಾಗಿಯೇ ಮಾತಾಡುತ್ತಾರೆ. ಆದರೆ ವಾಕ್ಯಕ್ಕೆ ಎರಡು ಅರ್ಥ ಇರುತ್ತದೆ, ಒಬ್ಬರು ಒಂದನ್ನು ಹಿಡಿದರೆ ಇನ್ನೊಬ್ಬರು ಇನ್ನೊಂದನ್ನು ಹಿಡಿಯುತ್ತಾರೆ. ಮೊದಲು ಸುಲಭದ ಪ್ರಶ್ನೆಗಳು, ಆಮೇಲೆ ಸ್ವಲ್ಪ ಕಷ್ಟದವು.

## ಶುರು ಮಾಡುವವರಿಗೆ

ಎರಡು ಅರ್ಥ ಬರೋ ಮಾತು ಅಂದ್ರೆ ಜೋಕ್ ಅಲ್ವಾ? ಅದರಿಂದ ಕಥೆ ಹೇಗಾಗುತ್ತೆ?

ಜೋಕ್‌ನಲ್ಲಿ ಮಾತು ತಪ್ಪಾಗಿ ಕೇಳಿಸಿದ ಕೂಡಲೇ ಮುಗಿಯಿತು. ಕೇಳಿದವರು ನಗುತ್ತಾರೆ, ಅಷ್ಟೇ. ಕಥೆಯಲ್ಲಿ ಆ ತಪ್ಪು ಅರ್ಥದಿಂದ ಯಾರಾದರೂ ಏನಾದರೂ ಮಾಡಬೇಕು. ಆ ಕೆಲಸದಿಂದ ಇನ್ನೊಬ್ಬರಿಗೆ ಕೋಪವೋ ಅವಮಾನವೋ ಅನುಮಾನವೋ ಬರಬೇಕು.

ಒಂದು ಚಿಕ್ಕ ಉದಾಹರಣೆ ನೋಡಿ. ಹುಡುಗ ದಿನಸಿ ಅಂಗಡಿಯಲ್ಲಿ ಕಡಲೆಬೇಳೆ ಕೇಳುತ್ತಾನೆ. ಅಂಗಡಿಯವರು ಪ್ಯಾಕೆಟ್ ತೆಗೆದು ಮುಂದೆ ಇಡುತ್ತಾರೆ. ಹುಡುಗ "ಪ್ಯಾಕೆಟ್ ಬೇಡ ಬಿಡಿ" ಅನ್ನುತ್ತಾನೆ. ಅವನಿಗೆ ಬೇಕಾಗಿದ್ದು ಚೀಲದಿಂದ ತೂಗಿ ಕೊಡುವ ಬಿಡಿ ಬೇಳೆ. ಅಂಗಡಿಯವರಿಗೆ ಕೇಳಿಸಿದ್ದು "ಬೇಡ, ಹೋಗಲಿ ಬಿಡಿ" ಅಂತ. ಅವರು ಪ್ಯಾಕೆಟ್ ಒಳಗಿಟ್ಟು ಮುಂದಿನ ಗಿರಾಕಿಯ ಕಡೆ ತಿರುಗುತ್ತಾರೆ. ಹುಡುಗ ನಿಂತೇ ಇದ್ದಾನೆ. ಅವನ ಹಿಂದೆ ಬಂದವರೆಲ್ಲ ಸಾಮಾನು ತಗೊಂಡು ಹೋಗುತ್ತಿದ್ದಾರೆ. "ಹುಡುಗ ಅಂತ ನನ್ನನ್ನ ಲೆಕ್ಕಕ್ಕೇ ಇಟ್ಟಿಲ್ಲ" ಅಂತ ಅವನು ಒಳಗೊಳಗೇ ಕುದಿಯುತ್ತಾನೆ. "ಏನೂ ತಗೊಳ್ಳದೆ ದಾರಿಗೆ ಅಡ್ಡ ನಿಂತಿದ್ದಾನೆ" ಅಂತ ಅಂಗಡಿಯವರಿಗೆ ಕಿರಿಕಿರಿ. ಇಬ್ಬರದ್ದೂ ತಪ್ಪಿಲ್ಲ. ಜೋಕ್ ಮೊದಲ ಸಾಲಿಗೇ ಮುಗಿದಿತ್ತು. ಕಥೆ ಇರುವುದು ಆ ಹುಡುಗ ನಿಂತ ಐದು ನಿಮಿಷದಲ್ಲಿ.

ಅಂಗಡಿನೇ ಯಾಕೆ? ಶಾಲೆ, ಬಸ್ಸು, ಮನೆ ಆಗಲ್ವಾ?

ಆಗುತ್ತದೆ. ಆದರೆ ಅಂಗಡಿಯಲ್ಲಿ ಮಾತು ತುಂಬಾ ಚಿಕ್ಕದಾಗಿರುತ್ತದೆ. "ಅರ್ಧ ಕೊಡಿ", "ಅದಲ್ಲ, ಇನ್ನೊಂದು", "ಆಯ್ತಾ?" ಅಂತ ಅರ್ಧಂಬರ್ಧ ವಾಕ್ಯಗಳೇ ಜಾಸ್ತಿ. ಕನ್ನಡದಲ್ಲಿ ಯಾರು, ಏನನ್ನು ಅನ್ನುವ ಎರಡನ್ನೂ ಬಿಟ್ಟು ಬರೀ ಕ್ರಿಯಾಪದ ಹೇಳಿದರೂ ವಾಕ್ಯ ಪೂರ್ತಿಯಾಗುತ್ತದೆ. ಬಿಟ್ಟ ಜಾಗವನ್ನು ಕೇಳುವವರು ತಮಗೆ ತೋಚಿದ್ದರಿಂದ ತುಂಬಿಕೊಳ್ಳುತ್ತಾರೆ. ಜೊತೆಗೆ ದುಡ್ಡು, ತೂಕ, ಸಾಲದ ಪುಸ್ತಕ ಇರುವುದರಿಂದ ತಪ್ಪು ತಿಳಿದರೆ ಏನೋ ಒಂದು ನಷ್ಟ ಆಗಿಯೇ ಆಗುತ್ತದೆ. ಹದಿನಾಲ್ಕು ಹದಿನೈದು ವರ್ಷದವರು ದೊಡ್ಡವರ ಸಹಾಯ ಇಲ್ಲದೆ ಒಬ್ಬರೇ ವ್ಯವಹಾರ ಮಾಡುವ ಮೊದಲ ಜಾಗವೂ ಅದೇ.

ನಂಗೆ ಒಂದು ವಾಕ್ಯಾನೂ ಹೊಳೀತಿಲ್ಲ. ಎಲ್ಲಿ ಹುಡುಕಲಿ?

ನಿಘಂಟಿನಲ್ಲಿ ಹುಡುಕಬೇಡಿ. ಅಲ್ಲಿ ಸಿಗುವ ಜೋಡಿಗಳು ಅಂಗಡಿಯಲ್ಲಿ ಉಪಯೋಗಕ್ಕೆ ಬರುವುದು ಕಡಿಮೆ. "ಏಳು" ಅಂದರೆ ಸಂಖ್ಯೆಯೂ ಹೌದು, ಎದ್ದೇಳು ಅಂತಲೂ ಹೌದು. ಆದರೆ ಅಂಗಡಿಯಲ್ಲಿ ಯಾರೂ ಈ ಎರಡನ್ನು ಕಲಸಿಕೊಳ್ಳುವುದಿಲ್ಲ. ಎರಡು ಅರ್ಥವೂ ಅದೇ ಕ್ಷಣದಲ್ಲಿ, ಅದೇ ಗಲ್ಲಾಪೆಟ್ಟಿಗೆಯ ಮುಂದೆ ಹೊಂದಬೇಕು.

ಅಂಗಡಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ಕಿವಿ ಕೊಟ್ಟರೆ ಸಾಕಷ್ಟು ಸಿಗುತ್ತದೆ. "ಇನ್ನೊಂದು ಪೆನ್ನು ಕೊಡಿ" ಅಂದರೆ ಇದರ ಜೊತೆಗೆ ಮತ್ತೊಂದೋ, ಇದರ ಬದಲು ಬೇರೆಯದೋ? ದೇವಸ್ಥಾನದ ಮುಂದಿನ ಅಂಗಡಿಯಲ್ಲಿ "ಬಾಳೆಹಣ್ಣು ಕೊಡಿ, ಕಾಯಿ ಬೇಡ" ಅಂದರೆ ತೆಂಗಿನಕಾಯಿ ಬೇಡವೋ, ಹಣ್ಣಾಗದ ಬಾಳೆ ಬೇಡವೋ? "ಸಕ್ಕರೆ ಆಯ್ತು" ಅಂದರೆ ತೂಗಿ ಕಟ್ಟಿದ್ದಾಯಿತೋ, ಖಾಲಿಯಾಯಿತೋ? ಇವೆಲ್ಲ ನಾವು ದಿನಾ ಆಡುವ ಮಾತು. ತೊಂದರೆ ಆಗದೇ ಇರುವುದಕ್ಕೆ ಕಾರಣ, ಎದುರಿಗೆ ವಸ್ತು ಇರುತ್ತದೆ, ಕೈ ತೋರಿಸುತ್ತೇವೆ, ದನಿ ಏರಿಳಿಯುತ್ತದೆ. ಕಥೆಗಾರ ಈ ಮೂರರಲ್ಲಿ ಒಂದನ್ನು ಕಿತ್ತುಕೊಂಡರೆ ಗೊಂದಲ ತಾನಾಗಿ ಹುಟ್ಟುತ್ತದೆ. ಅಂಗಡಿಯವರು ಬೆನ್ನು ತಿರುಗಿಸಿ ಡಬ್ಬ ಹುಡುಕುತ್ತಿರಲಿ, ಅಥವಾ ಹುಡುಗಿ ರಸ್ತೆಯ ಆ ಬದಿಯಿಂದ ಕೂಗಲಿ.

ಎರಡರ್ಥದ ಮಾತು ಅಂದ್ರೆ ಜನ ಬೇರೇನೋ ಅಂದ್ಕೊಳ್ತಾರೆ. ಹುಡುಗರಿಗೆ ಇದು ಸರೀನಾ?

ನೀವು ಹೇಳುತ್ತಿರುವುದು ಬೇಕಂತಲೇ ಆಡುವ ಪೋಲಿ ಮಾತು. ಅಲ್ಲಿ ಹೇಳುವವನಿಗೆ ಎರಡನೇ ಅರ್ಥ ಚೆನ್ನಾಗಿ ಗೊತ್ತಿರುತ್ತದೆ. ಇಲ್ಲಿ ಹೇಳುವವರಿಗೆ ತಮ್ಮ ಮಾತಿಗೆ ಇನ್ನೊಂದು ಅರ್ಥ ಇದೆ ಅನ್ನುವುದೇ ಗೊತ್ತಿಲ್ಲ. ಆ ಗೊತ್ತಿಲ್ಲದಿರುವಿಕೆಯೇ ಕಥೆಯ ಜೀವ. ಪಾತ್ರಕ್ಕೆ ಎರಡನೇ ಅರ್ಥ ಹೊಳೆದು ಅವನು ತುಟಿಯಂಚಿನಲ್ಲಿ ನಕ್ಕ ಅಂತ ಬರೆದರೆ ಕಥೆ ಬೇರೆ ದಾರಿಗೆ ಹೋಯಿತು.

## ವಾಕ್ಯ ಕಟ್ಟುವಾಗ

ಪದಕ್ಕೆ ಎರಡು ಅರ್ಥ ಇರೋದಕ್ಕೂ ವಾಕ್ಯಕ್ಕೇ ಎರಡು ಅರ್ಥ ಇರೋದಕ್ಕೂ ಏನು ವ್ಯತ್ಯಾಸ?

"ಬಿಡಿ", "ಕಾಯಿ" ಇವೆಲ್ಲ ಪದದ ಗೊಂದಲ. ಒಂದು ಪದ ಬದಲಾಯಿಸಿದರೆ ಬಿಡಿಸಿಕೊಳ್ಳಬಹುದು. ವಾಕ್ಯದ ಗೊಂದಲದಲ್ಲಿ ಪ್ರತಿ ಪದದ ಅರ್ಥವೂ ಸ್ಪಷ್ಟವಾಗಿಯೇ ಇರುತ್ತದೆ. ಯಾವ ಪದ ಯಾವುದಕ್ಕೆ ಸೇರಿದೆ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ.

"ಹಳೆ ಅಕ್ಕಿ ಚೀಲ ಇದ್ರೆ ಕೊಡಿ." ಇಲ್ಲಿ "ಹಳೆ" ಅನ್ನುವುದು ಅಕ್ಕಿಗೋ ಚೀಲಕ್ಕೋ? ಹಳೆ ಅಕ್ಕಿಗೆ ಬೆಲೆ ಹೆಚ್ಚು. ಅನ್ನ ಉದುರುದುರಾಗಿ ಆಗುತ್ತದೆ ಅಂತ ಮದುವೆ ಮನೆಯವರು ಹುಡುಕಿಕೊಂಡು ಬರುತ್ತಾರೆ. ಹಳೆ ಚೀಲವೋ, ಸುಮ್ನೆ ಕೊಟ್ಟುಬಿಡಬಹುದಾದ ಖಾಲಿ ಗೋಣಿಚೀಲ. ಶಾಲೆಯ ಗೋಣಿಚೀಲದ ಓಟಕ್ಕೆ ಚೀಲ ಕೇಳಲು ಬಂದ ಹುಡುಗನ ಮುಂದೆ ಅಂಗಡಿಯವರು 25 ಕೆ.ಜಿ. ಮೂಟೆ ಇಳಿಸಿದರೆ ಹೇಗಿರುತ್ತದೆ, ಯೋಚಿಸಿ. ಪದ ಬದಲಾಯಿಸದೆ ಅದೇ ಮಾತನ್ನು ಜೋರಾಗಿ ಮತ್ತೊಮ್ಮೆ ಹೇಳಿದರೂ ಗೊಂದಲ ಹಾಗೆಯೇ ಉಳಿಯುತ್ತದೆ. ಕಥೆಗೆ ಬೇಕಾಗಿರುವುದು ಅದೇ.

"ಎಲ್ಲಾ ಬೇಡ" ಇನ್ನೊಂದು. ಯಾವುದೂ ಬೇಡ ಅಂತಲೂ ಆಗುತ್ತದೆ, ಅಷ್ಟೂ ಬೇಡ, ಕೆಲವು ಸಾಕು ಅಂತಲೂ ಆಗುತ್ತದೆ. ಹಾಗೆಯೇ "ಅರ್ಧ ಕೆ.ಜಿ. ತೊಗರಿಬೇಳೆ, ಹೆಸರುಬೇಳೆ ಕೊಡಿ" ಅಂದರೆ ಒಂದೊಂದೂ ಅರ್ಧ ಕೆ.ಜಿ.ಯೋ, ಎರಡೂ ಸೇರಿ ಅರ್ಧವೋ? ಇದನ್ನು ಬಿಡಿಸಲು ಕನ್ನಡದಲ್ಲಿ ಚೆಂದದ ದಾರಿ ಇದೆ. "ಅರ್ಧರ್ಧ ಕೆ.ಜಿ." ಅಂದರೆ ಸಾಕು. ನಿಮ್ಮ ಕಥೆಯ ಕೊನೆಯಲ್ಲಿ ಹುಡುಗಿ ಬರೀ "ಅರ್ಧರ್ಧ" ಅಂತ ತಿದ್ದಿ ಹೇಳಿದರೂ ಗಂಟು ಬಿಚ್ಚಿದಂತೆಯೇ.

ಇನ್ನೂ ಆಳದ್ದು ಬೇಕಾದರೆ: "ನಿನ್ನೆ ದುಡ್ಡು ಕೊಟ್ಟ ಹುಡುಗ ಬಂದಿದ್ದ." ದುಡ್ಡು ಕೊಟ್ಟವನು ಆ ಹುಡುಗನೋ, ಅಥವಾ ನಾವು ದುಡ್ಡು ಕೊಟ್ಟಿದ್ದು ಆ ಹುಡುಗನಿಗೋ? "ಕೊಟ್ಟ ಹುಡುಗ" ಅನ್ನುವಾಗ "ಹುಡುಗನಿಗೆ" ಅನ್ನುವ "ಗೆ" ಮಾಯವಾಗಿಬಿಡುತ್ತದೆ. ಅಂಗಡಿಯ ಲೆಕ್ಕದಲ್ಲಿ ಇದು ಸಾಲಗಾರನನ್ನು ಸಾಹುಕಾರನನ್ನಾಗಿ ಮಾಡಿಬಿಡುತ್ತದೆ.

ಒಂದೇ ವಾಕ್ಯದ ಮೇಲೆ ಇಡೀ ಕಥೆ ಕಟ್ಟಬೇಕು. ಅಷ್ಟು ಗಟ್ಟಿಯಾದ ವಾಕ್ಯ ಯಾವುದು?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು "ಅಂತ", "ಅಂದ್ರು" ಇರುವ ವಾಕ್ಯ. ಅದರೊಳಗಿನ "ನಾನು" ಯಾರು ಅನ್ನುವುದು ಕನ್ನಡದಲ್ಲಿ ತೂಗಾಡುತ್ತಿರುತ್ತದೆ.

"ಅಮ್ಮ ನಾನು ಚೆನ್ನಾಗಿ ಹಾಡ್ತೀನಿ ಅಂದ್ರು" ಅಂತ ಮಗಳು ಹೇಳಿದರೆ ಚೆನ್ನಾಗಿ ಹಾಡುವವಳು ಮಗಳು ಅಂತ ತಿಳಿಯುತ್ತೇವೆ. "ಅಮ್ಮ ನಾನು ಅಡುಗೆ ಮಾಡ್ತೀನಿ ಅಂದ್ರು" ಅಂದರೆ ಅಡುಗೆ ಮಾಡುವವರು ಅಮ್ಮ ಅಂದುಕೊಳ್ಳುತ್ತೇವೆ. ಎರಡೂ ವಾಕ್ಯದ ಕಟ್ಟು ಒಂದೇ. ಒಂದು ಕಡೆ "ನಾನು" ಹೇಳುತ್ತಿರುವವಳು, ಇನ್ನೊಂದು ಕಡೆ ಅಮ್ಮ. ಯಾವುದು ಅಂತ ತೀರ್ಮಾನಿಸುವುದು ನಮ್ಮ ಅಂದಾಜು ಮಾತ್ರ.

ಈಗ ಇದನ್ನು ಅಂಗಡಿಗೆ ತನ್ನಿ. "ಅಮ್ಮ ನಾನು ಸಂಜೆ ಬಂದು ಕೊಡ್ತೀನಿ ಅಂದ್ರು." ಬಂದು ದುಡ್ಡು ಕೊಡುವವರು ಯಾರು? ಅಂದಾಜು ಎರಡೂ ಕಡೆ ಸಮವಾಗಿ ವಾಲುತ್ತದೆ. ಇದು ಹುಡುಗರ ಬಾಯಲ್ಲಿ ಸಹಜವಾಗಿ ಬರುವ ಮಾತು ಕೂಡ, ಯಾಕೆಂದರೆ ಅವರು ಅಂಗಡಿಗೆ ಹೋಗುವುದು ಬಹುಪಾಲು ಇನ್ನೊಬ್ಬರ ಮಾತು ಹೊತ್ತುಕೊಂಡೇ.

ಆ ವಾಕ್ಯ ಇಟ್ಟುಕೊಂಡು ಒಂದು ಕಥೆ ಪೂರ್ತಿ ಬರೆದು ತೋರಿಸ್ತೀರಾ?

ಚಿಕ್ಕದಾಗಿ ಬರೆಯುತ್ತೇನೆ. ನಂದಿನಿ ಒಂಬತ್ತನೇ ತರಗತಿ. ಶಿವಣ್ಣನವರದು ಅವಳ ಬೀದಿಯ ದಿನಸಿ ಅಂಗಡಿ.

ಬೆಳಿಗ್ಗೆ ಜಿಟಿಜಿಟಿ ಮಳೆ. ನಂದಿನಿ ಕೊಡೆ ಮಡಚಿ ಅಕ್ಕಿ ಮೂಟೆಗೆ ಒರಗಿಸಿದಳು. ಅರ್ಧ ಕೆ.ಜಿ. ತೊಗರಿಬೇಳೆ, ಒಂದು ಲೀಟರ್ ಎಣ್ಣೆ. 230 ರೂಪಾಯಿ ಆಯಿತು.

"ಅಮ್ಮ ನಾನು ಸಂಜೆ ಬಂದು ಕೊಡ್ತೀನಿ ಅಂದ್ರು ಅಂಕಲ್."

"ಆಯ್ತಮ್ಮ" ಅಂದರು ಶಿವಣ್ಣ. ಪುಸ್ತಕದಲ್ಲಿ ಬರೆದುಕೊಂಡರು: ನಂದಿನಿ, 230, ಸಂಜೆ.

ಅಷ್ಟರಲ್ಲಿ ಮಳೆ ನಿಂತಿತ್ತು. ನಂದಿನಿ ಚೀಲ ಹಿಡಿದು ಹೊರಟಳು. ಕೊಡೆ ಅಲ್ಲೇ ಉಳಿಯಿತು. ಅದು ಅವಳಿಗೆ ನೆನಪಾಗಿದ್ದು ಶಾಲೆಯಲ್ಲಿ, ಮೂರನೇ ಪೀರಿಯಡ್‌ನಲ್ಲಿ.

ಸಂಜೆ ಗೆಳತಿಯ ಜೊತೆ ಟ್ಯೂಷನ್‌ಗೆ ಹೋಗುವಾಗ ಶಿವಣ್ಣ ಅಂಗಡಿಯಿಂದಲೇ ಕೂಗಿದರು.

"ಏನಮ್ಮ, ಮರೆತೇಬಿಟ್ಟೆಯಾ?"

ನಂದಿನಿ ನಾಲಗೆ ಕಚ್ಚಿಕೊಂಡಳು. "ಇಲ್ಲ ಅಂಕಲ್, ನೆನಪಿದೆ. ಟ್ಯೂಷನ್‌ಗೆ ಹೊತ್ತಾಯ್ತು. ಇವತ್ತೊಂದು ದಿನ ಇರಲಿ."

"ಇರಲಿ ಇರಲಿ ಅಂತ ಎಲ್ಲರೂ ಹೇಳಿದ್ರೆ ಅಂಗಡಿ ನಡೀಬೇಕಲ್ಲಮ್ಮ?"

ಒಂದು ಕೊಡೆಗೆ ಇಷ್ಟು ಮಾತಾ? ನಂದಿನಿಗೆ ಬೇಜಾರಾಯಿತು. "ಅದೇನು ಜಾಸ್ತಿ ಜಾಗ ಹಿಡಿಯಲ್ವಲ್ಲ ಅಂಕಲ್."

ಶಿವಣ್ಣ ಕೆಳಗಿದ್ದ ಪುಸ್ತಕ ನೋಡಿದರು. ಒಂದು ಸಾಲಿನ ಜಾಗ, ನಿಜ. ಆದರೆ ಈ ವಯಸ್ಸಿಗೇ ಇಂಥ ಮಾತಾ? "ದೊಡ್ಡ ಮಾತು ಕಲಿತಿದ್ದೀಯ. ಹೊಸದಾದ್ರೇನು, ಹಳೇದಾದ್ರೇನು, ಕಾಯ್ತಾ ಕೂರಕ್ಕೆ ಆಗಲ್ಲ ನನಗೆ."

"ಹೊಸದೇನಲ್ಲ ಅಂಕಲ್. ಹೋದ ವರ್ಷದ್ದು."

"ಹೋದ ವರ್ಷದ್ದಾ?" ಶಿವಣ್ಣ ಗಾಬರಿಯಿಂದ ಹಳೆ ಪುಟ ಮಗುಚತೊಡಗಿದರು. ಗೆಳತಿ ನಂದಿನಿಯ ಮುಖ ನೋಡಿದಳು. ನಂದಿನಿಗೆ ಕಿವಿ ಬಿಸಿಯಾಯಿತು.

"ಹೂಂ. ಎರಡು ಕಡ್ಡಿ ಬೇರೆ ಮುರಿದಿದೆ. ಯಾರೂ ಎತ್ಕೊಂಡು ಹೋಗಲ್ಲ ಬಿಡಿ."

ಪುಟ ಮಗುಚುತ್ತಿದ್ದ ಕೈ ನಿಂತಿತು. "ಕಡ್ಡಿಯಾ?" ಶಿವಣ್ಣ ಅಕ್ಕಿ ಮೂಟೆಯ ಕಡೆ ನೋಡಿದರು. ಕೊಡೆ ಬೆಳಿಗ್ಗೆ ಒರಗಿಸಿದ ಹಾಗೇ ಇತ್ತು.

ಅದನ್ನು ತಂದು ಅವಳ ಕೈಗೆ ಕೊಟ್ಟರು. "ನಾನು ದುಡ್ಡಿನ ವಿಷಯ ಹೇಳ್ತಿದ್ದೆ ಕಣಮ್ಮ. ಸಂಜೆ ಬರ್ತೀನಿ ಅಂದಿದ್ದೆಯಲ್ಲ."

"ನಾನೆಲ್ಲಿ ಅಂದೆ? ಅಮ್ಮ ಬರ್ತೀನಿ ಅಂದ್ರು ಅಂತ ಹೇಳಿದ್ದು!"

ಶಿವಣ್ಣ ಬೆಳಿಗ್ಗೆಯ ಮಾತನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡರು. ಇನ್ನೊಮ್ಮೆ ಹೇಳಿಕೊಂಡರು. ಆಮೇಲೆ ಪುಸ್ತಕ ತೆರೆದು ನಂದಿನಿ ಅಂತ ಇದ್ದ ಕಡೆ, ಅದರ ಪಕ್ಕದಲ್ಲಿ, "ಅಮ್ಮ" ಅಂತ ಸೇರಿಸಿದರು.

ನನ್ನ ಕಥೇಲಿ ಮೂರನೇ ಮಾತಿಗೇ ಗೊಂದಲ ಬಿಚ್ಚಿ ಹೋಗುತ್ತೆ. ಎಳೆಯೋದು ಹೇಗೆ?

ಎರಡರ್ಥದ ಒಂದು ವಾಕ್ಯ ಮಾತ್ರ ಇದ್ದರೆ ಹಾಗೇ ಆಗುತ್ತದೆ. ತಪ್ಪು ತಿಳಿದವರು ಉತ್ತರ ಕೊಡುತ್ತಾರೆ, ಆ ಉತ್ತರ ಮೊದಲನೆಯವರಿಗೆ ಹೊಂದುವುದಿಲ್ಲ, "ಏನಂದ್ರಿ?" ಅಂತ ಕೇಳುತ್ತಾರೆ, ಮುಗಿಯಿತು. ಕಥೆ ಮುಂದೆ ಹೋಗಬೇಕಾದರೆ ಪ್ರತಿ ಉತ್ತರವೂ ಎರಡೂ ಅರ್ಥಕ್ಕೆ ಹೊಂದಬೇಕು.

ಮೇಲಿನ ಕಥೆಯ ಸಂಜೆಯ ಮಾತುಗಳನ್ನು ಗಮನಿಸಿ. "ಮರೆತೇಬಿಟ್ಟೆಯಾ?" ಏನನ್ನು ಅಂತ ಶಿವಣ್ಣ ಹೇಳಲಿಲ್ಲ. "ಇವತ್ತೊಂದು ದಿನ ಇರಲಿ." ಏನು ಇರಲಿ ಅಂತ ನಂದಿನಿ ಹೇಳಲಿಲ್ಲ. ಸಾಲವೂ ಇರಬಹುದು, ಕೊಡೆಯೂ ಇರಬಹುದು. "ಹೋದ ವರ್ಷದ್ದು" ಅಂದಾಗಲೂ ಅಷ್ಟೇ. ಇಬ್ಬರಲ್ಲಿ ಯಾರಾದರೂ ಒಮ್ಮೆ "ದುಡ್ಡು" ಅಥವಾ "ಕೊಡೆ" ಅಂದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

ಬರೆಯುವಾಗ ಹೀಗೆ ಮಾಡಿ. ಹಾಳೆಯ ಮಧ್ಯೆ ಗೆರೆ ಎಳೆಯಿರಿ. ಎಡಗಡೆ ಅಂಗಡಿಯವರಿಗೆ ಅನಿಸಿದ ಅರ್ಥ, ಬಲಗಡೆ ಗಿರಾಕಿಗೆ ಅನಿಸಿದ ಅರ್ಥ. ಪ್ರತಿ ಮಾತನ್ನೂ ಎರಡೂ ಕಡೆ ಬಿಡಿಸಿ ಬರೆಯಿರಿ. ಯಾವ ಮಾತು ಒಂದು ಕಡೆ ಕುಂಟುತ್ತದೋ ಅದನ್ನು ಬದಲಿಸಿ. ಕೊನೆಗೆ ಒಂದೇ ಒಂದು ಪದವನ್ನು ಬೇಕಂತಲೇ ಒಂದು ಕಡೆಗೆ ಮಾತ್ರ ಹೊಂದುವಂತೆ ಇಡಿ. ನಮ್ಮ ಕಥೆಯಲ್ಲಿ ಅದು "ಕಡ್ಡಿ". ಸಾಲಕ್ಕೆ ಕಡ್ಡಿ ಇರುವುದಿಲ್ಲ.

ಆದ್ರೂ ಓದಿದವರು "ಇದು ಬಲವಂತ, ಹೀಗೆಲ್ಲ ಆಗಲ್ಲ" ಅಂತಾರೆ. ಯಾಕೆ?

ಬಹಳ ಸಲ ತಪ್ಪು ವಾಕ್ಯದ್ದಾಗಿರುವುದಿಲ್ಲ. ಆ ಅರ್ಥವನ್ನೇ ಹಿಡಿಯಲು ಪಾತ್ರಕ್ಕೆ ಕಾರಣ ಇರುವುದಿಲ್ಲ. ಮನುಷ್ಯರು ಎರಡು ಅರ್ಥವನ್ನು ತೂಗಿ ನೋಡಿ ಒಂದನ್ನು ಆರಿಸಿಕೊಳ್ಳುವುದಿಲ್ಲ. ಆಗ ತಲೆಯಲ್ಲಿ ಏನು ಓಡುತ್ತಿದೆಯೋ ಅದಕ್ಕೆ ಹೊಂದುವ ಅರ್ಥ ಮಾತ್ರ ಕಿವಿಗೆ ಬೀಳುತ್ತದೆ. ಇನ್ನೊಂದು ಇದೆ ಅಂತಲೇ ತಿಳಿಯುವುದಿಲ್ಲ.

ಶಿವಣ್ಣನ ತಲೆಯಲ್ಲಿ ಸಂಜೆಯ ಲೆಕ್ಕ ಇದೆ. ನಂದಿನಿಯ ತಲೆಯಲ್ಲಿ ಮೂರನೇ ಪೀರಿಯಡ್‌ನಿಂದ ಕೊಡೆ ಕೂತಿದೆ. ಆ ಕೊಡೆ ಇಲ್ಲದೇ ಹೋಗಿದ್ದರೆ "ಮರೆತೇಬಿಟ್ಟೆಯಾ?" ಅಂದಾಗ ಅವಳು "ಏನನ್ನು ಅಂಕಲ್?" ಅನ್ನುತ್ತಿದ್ದಳು. ಬೆಳಿಗ್ಗೆ ಕೊಡೆ ಒರಗಿಸಿದ ಒಂದು ಸಾಲು, ಶಾಲೆಯಲ್ಲಿ ನೆನಪಾದ ಒಂದು ಸಾಲು, ಇವೆರಡೂ ಇರುವುದು ಅದಕ್ಕಾಗಿಯೇ. ಕಥೆಯಲ್ಲಿ ಇಬ್ಬರಿಗೂ ಬೇರೆ ಬೇರೆ ಚಿಂತೆ ಕೊಡಿ. ಆ ಚಿಂತೆಯನ್ನು ಗೊಂದಲ ಶುರುವಾಗುವ ಮೊದಲೇ ಸದ್ದಿಲ್ಲದೆ ತೋರಿಸಿಬಿಡಿ.

ಓದುಗರಿಗೆ ಮೊದಲೇ ಗೊತ್ತಿರಬೇಕಾ, ಅಥವಾ ಅವರೂ ಮೋಸ ಹೋಗಬೇಕಾ?

ಎರಡನ್ನೂ ಮಾಡಬಹುದು. ಹದಿಹರೆಯದವರಿಗೆ ಎರಡನ್ನೂ ಸೇರಿಸಿದರೆ ಚೆನ್ನ ಅನ್ನುವುದು ನನ್ನ ಅಭಿಪ್ರಾಯ. ಮೇಲಿನ ಕಥೆಯಲ್ಲಿ ಕೊಡೆಯ ಗೊಂದಲ ಓದುಗರಿಗೆ ಕಾಣುತ್ತಲೇ ಇರುತ್ತದೆ, ಹಾಗಾಗಿ ನಗುತ್ತಾ ಓದುತ್ತಾರೆ. ಆದರೆ ಬೆಳಿಗ್ಗೆಯ "ನಾನು ಸಂಜೆ ಬಂದು ಕೊಡ್ತೀನಿ" ಯಾರದ್ದು ಅಂತ ಅವರೂ ಒಂದು ಅರ್ಥ ಹಿಡಿದು ಮುಂದೆ ಹೋಗಿರುತ್ತಾರೆ. ಅದು ಕೊನೆಯಲ್ಲಿ ಬಿಚ್ಚಿಕೊಂಡಾಗ ಹಿಂದಕ್ಕೆ ಹೋಗಿ ಆ ಸಾಲನ್ನು ಮತ್ತೆ ಓದುತ್ತಾರೆ. ಅದಕ್ಕೇ ಆಮೇಲೆ ಹಾಕಿದ ಗಂಟನ್ನು ಮೊದಲು ಬಿಚ್ಚಿ, ಮೊದಲು ಹಾಕಿದ್ದನ್ನು ಕೊನೆಗೆ ಉಳಿಸಿಕೊಂಡೆ.

## ಇನ್ನೂ ಸೂಕ್ಷ್ಮವಾದವು

ಹುಡುಗಿ "ನೀವು" ಅಂತಾಳೆ, ಅಂಗಡಿಯವರು "ನೀನು" ಅಂತಾರೆ. ಇದರಿಂದ ಏನಾದ್ರೂ ವ್ಯತ್ಯಾಸ ಆಗುತ್ತಾ?

ತುಂಬಾ ಆಗುತ್ತದೆ. ಮೈಸೂರು, ಬೆಂಗಳೂರು ಕಡೆಯ ಮಾತಿನಲ್ಲಿ "ನಾನು ಕೊಟ್ಟೆ", "ನೀನು ಕೊಟ್ಟೆ" ಎರಡಕ್ಕೂ ಕ್ರಿಯಾಪದ ಒಂದೇ. "ನಾನು", "ನೀನು" ಬಿಟ್ಟರೆ ಕೊಟ್ಟವರು ಯಾರು ಅಂತ ತಿಳಿಯುವುದಿಲ್ಲ. ಇದು ಆಗಿಹೋದ ಕಾಲದ ಮಾತಿನಲ್ಲಿ ಮಾತ್ರ. "ಕೊಡ್ತೀನಿ", "ಕೊಡ್ತೀಯ" ಅಂದರೆ ಗೊಂದಲ ಇಲ್ಲ. "ನೀವು" ಅಂತ ಮಾತಾಡುವವರಿಗೂ ಇಲ್ಲ, ಯಾಕೆಂದರೆ ಅದು "ಕೊಟ್ರಿ" ಆಗುತ್ತದೆ. ಅಂದರೆ ಈ ಗೊಂದಲ ಒಂದೇ ದಿಕ್ಕಿನಲ್ಲಿ ಹುಟ್ಟುತ್ತದೆ. ದೊಡ್ಡವರು ಚಿಕ್ಕವರಿಗೆ ಹೇಳುವ ಮಾತಿನಲ್ಲಿ.

ಹೀಗೆ ಬಳಸಿ. ನಿನ್ನೆ ಹುಡುಗಿ 50 ರೂಪಾಯಿ ಮುಂಗಡ ಕೊಟ್ಟು ಹೋಗಿದ್ದಾಳೆ. ಅದೇ ದಿನ ಅಂಗಡಿಯವರು ಚಿಲ್ಲರೆ ಕೊಡುವಾಗ ತಪ್ಪಿ 50 ಜಾಸ್ತಿ ಕೊಟ್ಟಿದ್ದಾರೆ. ಇವತ್ತಿನ ಸಾಮಾನು 120 ರೂಪಾಯಿ. "ನಿನ್ನೆ ಐವತ್ತು ಕೊಟ್ಟೆ ಅಲ್ವಾ?" ಅನ್ನುತ್ತಾರೆ ಅಂಗಡಿಯವರು. "ಹೌದು ಅಂಕಲ್" ಅನ್ನುತ್ತಾಳೆ ಹುಡುಗಿ, ಕೊಟ್ಟಿದ್ದು ತಾನು ಅಂದುಕೊಂಡು. ಅವಳು 70 ಎಣಿಸಿ ಇಡುತ್ತಾಳೆ. ಅವರು 170 ಕೇಳುತ್ತಾರೆ. ಇಬ್ಬರೂ ಈಗಷ್ಟೇ ಒಪ್ಪಿಕೊಂಡಿದ್ದಾರೆ, ಆದರೂ ನಡುವೆ 100 ರೂಪಾಯಿ ವ್ಯತ್ಯಾಸ! ಒಪ್ಪಿಗೆಯಾದ ಮೇಲೆ ಹುಟ್ಟುವ ಜಗಳ ತುಂಬಾ ನೋಯಿಸುತ್ತದೆ. ಎದುರಿನವರು ಮಾತು ತಿರುಗಿಸಿದರು ಅಂತ ಅನಿಸುತ್ತದೆ.

ನಮ್ಮದು ಧಾರವಾಡ ಕಡೆ. ಇವೇ ವಾಕ್ಯ ನಮ್ಮ ಮಾತಿನಾಗ ನಡೀತಾವ?

ಎಲ್ಲವೂ ನಡೆಯುವುದಿಲ್ಲ. ಮೇಲಿನ "ಕೊಟ್ಟೆ" ನಿಮ್ಮಲ್ಲಿ ಕೆಲಸಕ್ಕೆ ಬಾರದು. "ನಾ ಕೊಟ್ಟೆ", "ನೀ ಕೊಟ್ಟಿ" ಅಂತ ನಿಮ್ಮ ಮಾತು ಎರಡನ್ನೂ ಬೇರೆ ಇಟ್ಟಿದೆ. ಕಥೆ ಅಲ್ಲೇ ಬಿದ್ದು ಹೋಗುತ್ತದೆ. "ನಾನು" ಯಾರು ಅನ್ನುವ ವಾಕ್ಯ ಮಾತ್ರ ನಡೆಯುತ್ತದೆ, ನಿಮ್ಮ ರೂಪದಲ್ಲಿ ಬರೆದುಕೊಳ್ಳಿ. ನಿಮ್ಮ ಕಡೆಯ ಅಂಗಡಿಗಳಲ್ಲಿ "ಇಂದು ನಗದು, ನಾಳೆ ಉದ್ರಿ" ಅಂತ ಬೋರ್ಡ್ ಇರುತ್ತದಲ್ಲ, ಅದನ್ನು ನಂಬಿ ಮರುದಿನ ಬರುವ ಹುಡುಗನ ಕಥೆಯನ್ನೂ ಬರೆಯಬಹುದು. ಬೋರ್ಡ್ ಓದಿದ ದಿನದಿಂದ ಅವನು "ನಾಳೆ" ಎಣಿಸುತ್ತಾನೆ. ಅಂಗಡಿಯವರಿಗೆ ಅದು ಎಂದೂ ಬಾರದ ದಿನ. ಯಾವ ಊರಿನ ಮಾತಿನಲ್ಲಿ ಬರೆದರೂ ಇನ್ನೊಂದು ಊರಿನ ವಾಕ್ಯವನ್ನು ತಂದು ಅಂಟಿಸಬೇಡಿ.

ಮನಸ್ಸಲ್ಲಿ ಓದಿದ್ರೆ ಗೊಂದಲ ಇರುತ್ತೆ, ಗಟ್ಟಿಯಾಗಿ ಓದಿದ್ರೆ ಹೋಗುತ್ತೆ. ಏನು ಮಾಡಲಿ?

"ಪ್ಯಾಕೆಟ್ ಬೇಡ" ಅಂತ ಹೇಳಿ, ಸ್ವಲ್ಪ ನಿಂತು, "ಬಿಡಿ" ಅನ್ನುವುದನ್ನು ಒತ್ತಿ ಹೇಳಿದರೆ ಬಿಡಿ ಬೇಳೆ. "ಬೇಡಬಿಡಿ" ಅಂತ ಒಂದೇ ಉಸಿರಿಗೆ ಅಂದರೆ ಹೋಗಲಿ ಅಂತ. ದನಿಯೇ ಅರ್ಥ ಹೇಳಿಬಿಡುತ್ತದೆ. ಅದಕ್ಕೇ ಇಂಥ ಮಾತನ್ನು ಕಥೆಯಲ್ಲಿ ದನಿ ಸಿಗದ ಜಾಗದಲ್ಲಿ ಇಡಬೇಕು. ಲಾರಿ ಹಾರ್ನ್ ಹೊಡೆಯುತ್ತಿರಲಿ. ಅಥವಾ ಮಾತಿನ ಬದಲು ಚೀಟಿ ಇರಲಿ, ಫೋನಿನಲ್ಲಿ ಕಳಿಸಿದ ಮೆಸೇಜ್ ಇರಲಿ.

ಚಿಹ್ನೆಗಳ ಬಗ್ಗೆಯೂ ಹುಷಾರು. ಅಮ್ಮ ‘ನಾನು ಸಂಜೆ ಬಂದು ಕೊಡ್ತೀನಿ’ ಅಂದ್ರು ಅಂತ ಒಳಗೆ ಇನ್ನೊಂದು ಉದ್ಧರಣ ಚಿಹ್ನೆ ಹಾಕಿದರೆ ಕಥೆ ಸತ್ತಂತೆ. "ಅಮ್ಮ" ಆದ ಮೇಲೆ ಅಲ್ಪವಿರಾಮ ಹಾಕಿದರೂ ಅಮ್ಮನನ್ನು ಕರೆದ ಹಾಗೆ ಕಾಣುತ್ತದೆ. ನಿಮ್ಮ ಕಥೆಯನ್ನು ಬೇರೆಯವರು ತಿದ್ದುವುದಾದರೆ ಆ ಸಾಲಿಗೆ ಚಿಹ್ನೆ ಸೇರಿಸಬೇಡಿ ಅಂತ ಮೊದಲೇ ಹೇಳಿಬಿಡಿ. ಒಳ್ಳೆಯ ಮನಸ್ಸಿನಿಂದಲೇ ಸೇರಿಸಿಬಿಡುತ್ತಾರೆ.

ವಾಕ್ಯಕ್ಕೆ ನಿಜವಾಗಿ ಎರಡು ಅರ್ಥ ಬರ್ತಿದೆಯಾ ಅಂತ ತಿಳಿಯೋದು ಹೇಗೆ?

ಬರೆದವರಿಗೆ ಎರಡೂ ಅರ್ಥ ಗೊತ್ತಿರುವುದರಿಂದ ಅವರ ತೀರ್ಪು ನಂಬುವಂತಿಲ್ಲ. ಕಥೆ ತೋರಿಸದೆ ಆ ಒಂದು ಸಾಲನ್ನು ಮಾತ್ರ ನಾಲ್ಕೈದು ಜನರಿಗೆ ಬೇರೆ ಬೇರೆಯಾಗಿ ಕೊಡಿ. "ಇದಕ್ಕೆ ಎರಡು ಅರ್ಥ ಇದೆಯಾ?" ಅಂತ ಕೇಳಬೇಡಿ. ಹಾಗೆ ಕೇಳಿದರೆ ಹುಡುಕಿ ಹುಡುಕಿ ಹೇಳುತ್ತಾರೆ. "ಈಗ ಯಾರು ಏನು ಮಾಡಬೇಕು?" ಅಂತ ಕೇಳಿ. ನಮ್ಮ ವಾಕ್ಯಕ್ಕೆ ಕೆಲವರು "ಅಮ್ಮ ಬರಬೇಕು" ಅನ್ನಬೇಕು, ಕೆಲವರು "ಮಗಳು ಬರಬೇಕು" ಅನ್ನಬೇಕು. ಎಲ್ಲರೂ ಒಂದೇ ಹೇಳಿದರೆ ವಾಕ್ಯ ಒಂದು ಕಡೆ ವಾಲಿದೆ. ಆಗ ಒಂದು ಚಿಕ್ಕ ಪದ ಬದಲಿಸಿ ನೋಡಿ. "ನಾನು" ಬದಲು "ನಾನೇ" ಅಂದರೆ ಬಹುಪಾಲು ಜನ ಅಮ್ಮನ ಕಡೆ ಹೋಗುತ್ತಾರೆ, ಹಾಗಾಗಿ ನಾನು "ನಾನು" ಅಂತಲೇ ಉಳಿಸಿದೆ. ಯಾರಾದರೂ "ಅರ್ಥ ಆಗ್ಲಿಲ್ಲ" ಅಂದರೆ ಅದು ಎರಡರ್ಥವಲ್ಲ, ಬರೀ ಕೆಟ್ಟ ವಾಕ್ಯ.

ಈಗ ಎಲ್ಲ ಸ್ಕ್ಯಾನ್ ಮಾಡಿ ದುಡ್ಡು ಹಾಕ್ತಾರೆ. ಸಾಲದ ಪುಸ್ತಕದ ಕಥೆ ಹುಡುಗರಿಗೆ ಹಳೇದು ಅನ್ಸಲ್ವಾ?

ಬೀದಿ ಅಂಗಡಿಯ ಸಾಲದ ಪುಸ್ತಕ ಇನ್ನೂ ಹೋಗಿಲ್ಲ. ಆದರೆ ಫೋನಿನ ವ್ಯವಹಾರಕ್ಕೂ ಅದರದ್ದೇ ಗೊಂದಲ ಇದೆ. ಹುಡುಗ ಸ್ಕ್ಯಾನ್ ಮಾಡಿ "ದುಡ್ಡು ಹೋಯ್ತು ಅಂಕಲ್" ಅನ್ನುತ್ತಾನೆ. ಸರಿಯಾಗಿ ಪಾವತಿ ಆಯಿತು ಅಂತಲೂ ಆಗುತ್ತದೆ, ದುಡ್ಡು ಕಳೆದುಹೋಯಿತು ಅಂತಲೂ ಆಗುತ್ತದೆ. ಆ ಹೊತ್ತಿಗೆ ಮೊತ್ತ ಕೂಗಿ ಹೇಳುವ ಪೆಟ್ಟಿಗೆಯ ಚಾರ್ಜ್ ಮುಗಿದಿರಲಿ, ಸಾಕು. ಬುಟ್ಟಿ ಹಿಡಿದು ನಾವೇ ಆರಿಸಿಕೊಳ್ಳುವ ಸೂಪರ್ ಮಾರ್ಕೆಟ್ ಮಾತ್ರ ಈ ಕಥೆಗೆ ಆಗದು. ಅಲ್ಲಿ ಯಾರೂ ಯಾರ ಹತ್ತಿರವೂ ಮಾತಾಡುವುದಿಲ್ಲ.

ಇಂಗ್ಲಿಷ್‌ನಲ್ಲಿ ಇಂಥ ಕಥೆ ತುಂಬಾ ಇವೆ. ಕನ್ನಡಕ್ಕೆ ತಂದ್ರೆ ಆಗಲ್ವಾ?

ಸಂದರ್ಭ ತರಬಹುದು, ವಾಕ್ಯ ತರಲಾಗದು. ಬಟ್ಟೆ ಅಂಗಡಿಯ ಒಂದು ಹಳೆ ಇಂಗ್ಲಿಷ್ ಜೋಕ್ ಇದೆ. ಗಾಜಿನ ಕಿಟಕಿಯಲ್ಲಿ ತೂಗುಹಾಕಿದ ಫ್ರಾಕ್ ಹಾಕಿಕೊಂಡು ನೋಡಬಹುದಾ ಅಂತ ಗಿರಾಕಿ ಕೇಳುತ್ತಾಳೆ. ಕಿಟಕಿಯಲ್ಲಿ ಬೇಡ, ಒಳಗೆ ಕೋಣೆ ಇದೆ ಅನ್ನುತ್ತಾನೆ ಅಂಗಡಿಯವನು. ಅಲ್ಲಿ "ಕಿಟಕಿಯಲ್ಲಿ" ಅನ್ನುವುದು ವಾಕ್ಯದ ಕೊನೆಗೆ ಬರುತ್ತದೆ, ಫ್ರಾಕಿಗೂ ಸೇರಬಹುದು, ಹಾಕಿಕೊಳ್ಳುವ ಕೆಲಸಕ್ಕೂ ಸೇರಬಹುದು. ಕನ್ನಡದಲ್ಲಿ "ಕಿಟಕಿಯಲ್ಲಿರೋ ಫ್ರಾಕ್" ಅನ್ನಲೇಬೇಕು. ಆ "ಇರೋ" ಬಂದ ಕೂಡಲೇ ಗೊಂದಲ ಹೋಯಿತು.

ಅದೇ ಬಟ್ಟೆ ಅಂಗಡಿಗೆ ಕನ್ನಡದ ವಾಕ್ಯ ಬೇಕಾದರೆ ನಮ್ಮ ಮಾತಿನ ಸಡಿಲ ಜಾಗದಲ್ಲೇ ಹುಡುಕಬೇಕು. ಅಂಗಡಿಯವರು ಹತ್ತು ಚೂಡಿದಾರ್ ಹರಡಿದ್ದಾರೆ. ಹುಡುಗಿ ಎರಡನ್ನು ಮನಸ್ಸಿನಲ್ಲೇ ಆರಿಸಿಕೊಂಡು "ಎಲ್ಲಾ ಬೇಡ ಅಣ್ಣ" ಅನ್ನುತ್ತಾಳೆ. ಅವರು ಒಂದೂ ಮಾತಾಡದೆ ಹತ್ತನ್ನೂ ಮಡಚಿ ಮೇಲಿನ ಕಪಾಟಿಗೆ ಎಸೆಯುತ್ತಾರೆ. ಆ ಹುಡುಗಿ ಈಗ ಏನು ಹೇಳುತ್ತಾಳೆ ಅನ್ನುವುದನ್ನು ನೀವು ಬರೆಯಿರಿ. "ಅಷ್ಟೂ ಬೇಡ ಅಂದೆ" ಅಂತ ಮಾತ್ರ ಹೇಳಿಸಬೇಡಿ, ಇನ್ನೂ ಎರಡು ಪುಟ ಬಾಕಿ ಇದೆ.